24 ಮೀಟರ್ ಅಂಗಳ, 32 ಮಕ್ಕಳು



ಜೂನ್ ತಿಂಗಳಲ್ಲಿ ಹೊಣಕೆರೆ ಹೋಬಳಿಯ ದೈಹಿಕ ಶಿಕ್ಷಕರಾದ ನಾವು ಬರೆದುಕೊಡುವ ಅವಧಿ ಯೋಜನೆಗಳು ಬಹುಮಟ್ಟಿಗೆ ಹೋಬಳಿ ಕ್ರೀಡಾಕೂಟಕ್ಕೆ ತಂಡ ಕಟ್ಟುವ ಯೋಜನೆಗಳೇ ಆಗಿರುತ್ತವೆ. ಹನ್ನೆರಡು ಮಕ್ಕಳು ಆಡುತ್ತಾರೆ, ಉಳಿದವರು ಮರದ ನೆರಳಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಅಂಗಳ ಚಿಕ್ಕದಾದಷ್ಟೂ ಕೂತವರ ಸಾಲು ಉದ್ದವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಇರಬೇಕೆಂದಿದೆ, ಎಷ್ಟು ದೊಡ್ಡದು ಎಂದಿಲ್ಲ. ಇರುವ ಜಾಗವನ್ನು ಟೇಪ್ ಹಿಡಿದು ಅಳೆದ ಮೇಲೆಯೇ ಯೋಜನೆಗೆ ಕೂರೋಣ ಎಂಬುದು ನನ್ನ ಕೋರಿಕೆ.

ಒಂದು ಶಾಲೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಂಗಳ 24 ಮೀಟರ್ ಉದ್ದ, 15 ಮೀಟರ್ ಅಗಲ. ಏಳನೇ ತರಗತಿಯಲ್ಲಿ 32 ಮಕ್ಕಳು, ವಾರಕ್ಕೆ ಎರಡು ಪಿರಿಯಡ್, ಇರುವುದು ಒಂದೇ ಚೆಂಡು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚೆಂಡು ಎಸೆಸಿದರೆ, ಒಬ್ಬರಿಗೆ 15 ಸೆಕೆಂಡ್ ಹಿಡಿದರೂ ಒಂದು ಸುತ್ತಿಗೆ ಎಂಟು ನಿಮಿಷ. ಅರ್ಧ ಗಂಟೆಯಲ್ಲಿ ಒಂದು ಮಗುವಿನ ಕೈಗೆ ಚೆಂಡು ನಾಲ್ಕು ಸಲವೂ ಬರುವುದಿಲ್ಲ. ಅದು ಕಲಿಕೆಯಲ್ಲ, ಕಾಯುವಿಕೆ.

ಇದೇ ಅಂಗಳವನ್ನು ಮೂರು ಭಾಗ ಮಾಡಿ. 18 ಮೀಟರ್ ಉದ್ದ, 8 ಮೀಟರ್ ಅಗಲದ ಒಂದು ಕಿರು ಖೋ ಖೋ ಅಂಕಣ. ಅದರ ಪಕ್ಕಕ್ಕೆ ಎರಡು ಮೀಟರ್ ಖಾಲಿ ಬಿಟ್ಟು, ಐದು ಮೀಟರ್ ಅಗಲದ ಓಟ ಮತ್ತು ಜಿಗಿತದ ಪಟ್ಟಿ. ಅಂಕಣದ ತುದಿಯಲ್ಲಿ ಉಳಿಯುವ ಆರು ಮೀಟರಿನಲ್ಲಿ ಗೋಡೆಗೆ ಗುರಿ ಎಸೆತ. ಒಂದೊಂದು ಕಡೆ ಹತ್ತೋ ಹನ್ನೊಂದೋ ಮಕ್ಕಳು, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಗೋಡೆಯತ್ತ ಎಸೆಯುವವರ ಬೆನ್ನು ಖೋ ಖೋ ಕಡೆಗಿರಲಿ. ಆಗ ಚೆಂಡು ಓಡುವವರ ಕಾಲಿಗೆ ಬರುವುದು ಕಡಿಮೆ. ಈ ಮೂಲೆಗೆ ಚೆಂಡು ಕೊಳ್ಳಬೇಕಾಗಿಲ್ಲ. ಹಳೆ ಬಟ್ಟೆ ಒತ್ತಿ ತುಂಬಿ, ನಾರಿನ ಹಗ್ಗ ಬಿಗಿದರೆ ಚೆಂಡು ಸಿದ್ಧ. ಅದು ಪುಟಿಯದಿದ್ದರೂ ಗುರಿ ಎಸೆಯಲು ಸಾಕು.

ಖೋ ಖೋವಿನ ಪೂರ್ಣ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಅದು ಇಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಎಂಟು ಚೌಕಗಳ ಬದಲು ಐದೇ ಚೌಕ, ಎರಡೂವರೆ ಮೀಟರ್ ಅಂತರದಲ್ಲಿ. ಕಂಬ ನೆಡುವುದು ಬೇಡ, ಇಕ್ಕಟ್ಟಿನಲ್ಲಿ ಮಕ್ಕಳು ಡಿಕ್ಕಿ ಹೊಡೆಯುತ್ತಾರೆ. ಕಂಬದ ಜಾಗದಲ್ಲಿ ಸುಣ್ಣದ ಗೆರೆ ಎಳೆಯಿರಿ. ಐವರು ಕೂರುವವರು, ಒಬ್ಬರು ಅಟ್ಟುವವರು, ಮೂವರು ಓಡುವವರು, ಒಬ್ಬರು ಸಮಯ ನೋಡುವವರು, ಒಬ್ಬರು ಫೌಲ್ ಹೇಳುವವರು. ಹನ್ನೊಂದು ಮಕ್ಕಳಿಗೂ ಕೆಲಸ. ಹತ್ತೇ ಮಂದಿ ಇದ್ದ ಗುಂಪಿಗೆ ಸಮಯವನ್ನು ಶಿಕ್ಷಕರೇ ನೋಡಲಿ.

ಮೊದಲ ವಾರಗಳಲ್ಲಿ ಓಟದ ವೇಗ ನೋಡಬೇಡಿ, ಏಳುವ ರೀತಿ ನೋಡಿ. ಬೆನ್ನಿಗೆ ಕೈ ತಾಗುವ ಮೊದಲೇ ಅರ್ಧ ಎದ್ದಿರುವ ಹುಡುಗ, ಎದ್ದ ಮೇಲೆ ಯಾವ ಕಡೆಗೆಂದು ತೋಚದೆ ನಿಲ್ಲುವ ಹುಡುಗಿ, ಇಬ್ಬರೂ ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅಂಗೈ ನೆಲಕ್ಕೂರಿ, ಹಿಂಗಾಲಿನ ಬೆರಳು ಒತ್ತಿ, ದಿಕ್ಕು ಹಿಡಿದು ಮೇಲೇಳುವುದನ್ನು ಆಟವಿಲ್ಲದೆ ಬರೀ ಅಭ್ಯಾಸವಾಗಿ ಮಾಡಿಸಿ. ಇದಕ್ಕೆ ಒಬ್ಬರಿಗೆ ಒಂದು ಮೀಟರ್ ಜಾಗ ಸಾಕು, ಜಗುಲಿಯಲ್ಲೂ ಆಗುತ್ತದೆ. ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ಆ ಹೆಸರು ಹೇಳಿ.

ಇನ್ನು ತಿಂಗಳುಗಳ ಹಂಚಿಕೆ. ಜೂನ್‌ನಿಂದ ದಸರಾ ರಜೆಯವರೆಗೆ ಸುಮಾರು ಹದಿನಾರು ವಾರ. ಹನ್ನೆರಡಕ್ಕೆ ಮಾತ್ರ ಯೋಜನೆ ಬರೆಯಿರಿ, ಉಳಿದವನ್ನು ಕ್ರೀಡಾಕೂಟ, ಹಬ್ಬ, ಪರೀಕ್ಷೆ ನುಂಗುತ್ತವೆ. ಜೂನ್‌ನಲ್ಲಿ ಗೆರೆ, ನಿಲುಗಡೆ, ಏಳುವಿಕೆ. ಜುಲೈನಲ್ಲಿ ಕಿರು ಖೋ ಖೋ. ಆಗಸ್ಟ್ ಮೊದಲರ್ಧ ಹೇಗೂ ಸ್ವಾತಂತ್ರ್ಯೋತ್ಸವದ ಕವಾಯತಿಗೆ ಹೋಗುತ್ತದೆ. ಅದನ್ನೇ ಪಾಠವೆಂದು ಬರೆದುಕೊಳ್ಳಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅಂಗಳ ಕೆಸರಾಗುವ ಆ ದಿನಗಳಿಗೆ ಹಗ್ಗದಾಟ, ಸಮತೋಲನಗಳನ್ನು ಜಗುಲಿಗೆಂದೇ ಮೀಸಲಿಡಿ. ಜೂನ್‌ನಲ್ಲೇ ಇವನ್ನು ಮುಗಿಸಿಬಿಟ್ಟವರಿಗೆ ಸೆಪ್ಟೆಂಬರಿನಲ್ಲಿ ಮಾಡಿಸಲು ಏನೂ ಉಳಿಯುವುದಿಲ್ಲ, ಪಿರಿಯಡ್ ಗಣಿತಕ್ಕೆ ಹೋಗುತ್ತದೆ.

ಅಳೆಯುವುದಕ್ಕೂ ದೊಡ್ಡ ಸಾಮಾನು ಬೇಡ. ಹತ್ತು ಮೀಟರ್ ಅಂತರದ ಎರಡು ಗೆರೆಗಳ ನಡುವೆ ನಾಲ್ಕು ಸಲ ಓಟ, ನಿಂತಲ್ಲಿಂದ ಉದ್ದ ಜಿಗಿತ. ಜೂನ್ ಎರಡನೇ ವಾರ ಒಮ್ಮೆ, ರಜೆಗೆ ಮುಂಚೆ ನೆಲ ಒಣಗಿದ ದಿನ ಇನ್ನೊಮ್ಮೆ. ಒದ್ದೆ ನೆಲದಲ್ಲಿ ತೆಗೆದ ಸಮಯವನ್ನು ಜೂನ್‌ನದರ ಜೊತೆ ಹೋಲಿಸಬೇಡಿ. ಇದರ ಜೊತೆಗೆ ಪ್ರತಿ ವಾರ ಒಂದು ಮಗುವನ್ನು ಗುರುತಿಟ್ಟು, ಆ ಪಿರಿಯಡ್‌ನಲ್ಲಿ ಅದು ಎಷ್ಟು ನಿಮಿಷ ಓಡಾಡಿತೆಂದು ಗಡಿಯಾರ ನೋಡಿ ಬರೆಯಿರಿ. ಚೆನ್ನಾಗಿ ಆಡುವ ಮಗುವನ್ನಲ್ಲ, ಪಿರಿಯಡ್ ಮುಗಿದಾಗ ಕಾಲಿಗೆ ಮಣ್ಣೇ ಅಂಟದ ಮಗುವನ್ನು ಆರಿಸಿ. ನಲವತ್ತರಲ್ಲಿ ಹದಿನೈದು ನಿಮಿಷವೂ ಆಗದಿದ್ದರೆ ಗುಂಪನ್ನು ಇನ್ನಷ್ಟು ಸಣ್ಣದು ಮಾಡಬೇಕು.

ಮುಂದಿನ ಸಭೆಗೆ ಬರುವಾಗ ನಿಮ್ಮ ಶಾಲೆಯ ಅಂಗಳದ ನಕ್ಷೆ, ಆ ನಿಮಿಷಗಳ ಪಟ್ಟಿ ಎರಡನ್ನೂ ತನ್ನಿ.