ಕೆಪಿ ಜಾಸ್ತಿ ಮಾಡಿದ್ರೆ ಕೆಐಗೆ ಜಾಗ ಎಷ್ಟು ಉಳಿಯುತ್ತೆ?

ಚಾಕಣ್ ಕಡೆಯ ಒಂದು ಟೆಸ್ಟ್ ರಿಗ್‌ನಲ್ಲಿ ಪಿಐ ಕಂಟ್ರೋಲರ್ ಟ್ಯೂನ್ ಮಾಡೋಕೆ ಹೋಗಿ ಇಡೀ ಸಂಜೆ ಕಳೆದಿದ್ದೆ. ರೆಸ್ಪಾನ್ಸ್ ನಿಧಾನ ಅಂತ ಕೆಪಿ ಏರಿಸಿದೆ, ಕೆಐ ಮುಟ್ಟಲೇ ಇಲ್ಲ. ಸ್ವಲ್ಪ ಹೊತ್ತಿಗೆ ಔಟ್‌ಪುಟ್ ಜೋಕಾಲಿ ಆಡೋಕೆ ಶುರುವಾಯ್ತು. ತಪ್ಪು ಎಲ್ಲಿತ್ತು ಅಂತ ಇವತ್ತು ಕಾಗದದ ಮೇಲೆ ನೋಡೋಣ. ಲೆಕ್ಕ ಸುಲಭವಾಗ್ಲಿ ಅಂತ ಸಂಖ್ಯೆಗಳನ್ನ ಬದಲಿಸಿದ್ದೀನಿ.

ಪ್ಲಾಂಟ್‌ನಲ್ಲಿ ಒಂದರ ಹಿಂದೆ ಒಂದು ಮೂರು ಲ್ಯಾಗ್ ಇವೆ: `1/((s+1)(s+2)(s+3))`. ಅದಕ್ಕೆ `Kp + Ki/s` ಸೇರಿಸಿ ಲೂಪ್ ಮುಚ್ಚಿದ್ರೆ ಸಿಗೋ ಕ್ಯಾರೆಕ್ಟರಿಸ್ಟಿಕ್ ಸಮೀಕರಣ ಇದು:

```
s^4 + 6s^3 + 11s^2 + (6+Kp)s + Ki = 0
```

ಇದರ ರೌತ್ ಕೋಷ್ಟಕ ಬರೆಯೋಣ. ಎಡ್ವರ್ಡ್ ರೌತ್ 1877ರಲ್ಲಿ ಕೊಟ್ಟ ವಿಧಾನ, ಬೇರುಗಳನ್ನ ಹುಡುಕೋ ಗೋಜೇ ಇಲ್ಲ.

```
s^4 | 1                        11     Ki
s^3 | 6                        6+Kp
s^2 | (60-Kp)/6                Ki
s^1 | (6+Kp) - 36*Ki/(60-Kp)
s^0 | Ki
```

ಮೊದಲ ಕಾಲಂ ಪೂರ್ತಿ ಧನವಾಗಿರಬೇಕು. ಅಂದ್ರೆ `Ki > 0`, `Kp < 60`, ಜೊತೆಗೆ `Ki < (6+Kp)(60-Kp)/36`. ಕೆಪಿಯನ್ನ ಅಡ್ಡಕ್ಕೆ, ಕೆಐಯನ್ನ ಮೇಲಕ್ಕೆ ಇಟ್ಟು ಗೆರೆ ಎಳೀರಿ. ಕೊನೆಯ ಷರತ್ತು ಗುಮ್ಮಟದಂತೆ ಬಾಗಿದ ಪ್ಯಾರಾಬೋಲ. -6ರಲ್ಲಿ ನೆಲದಿಂದ ಎದ್ದು, ಕೆಪಿ 27 ಆದಾಗ 30.25ರ ತುದಿ ಮುಟ್ಟಿ, 60ರಲ್ಲಿ ಮತ್ತೆ ನೆಲಕ್ಕೆ ಬರುತ್ತೆ. ಗುಮ್ಮಟದ ಒಳಗೆ, ನೆಲದ ಮೇಲೆ ಇರೋದಷ್ಟೇ ಸ್ಥಿರ ಪ್ರದೇಶ.

ನನ್ನ ಸಂಜೆಯ ಕಥೆ ಈ ಚಿತ್ರದಲ್ಲೇ ಇದೆ. ಕೆಪಿ 24, ಕೆಐ 12 ಇಟ್ಕೊಳ್ಳಿ. ಅಲ್ಲಿ ಗಡಿ 30, ಆರಾಮಾಗಿ ಒಳಗಿದ್ದೀವಿ. ಕೆಐ ಹಾಗೇ ಬಿಟ್ಟು ಕೆಪಿಯನ್ನ 54 ಮಾಡಿ. ಗಡಿ 10ಕ್ಕೆ ಇಳಿಯಿತು, ನಾವು ಹೊರಗೆ! ಕೋಷ್ಟಕದ ಕಾಲಂ 1, 6, 1, -12, 12 ಆಗುತ್ತೆ. ಚಿಹ್ನೆ ಎರಡು ಸಲ ಬದಲಾಯ್ತು, ಹಾಗಾಗಿ ಎರಡು ಬೇರು ಬಲಗಡೆಗೆ ಹೋಗಿವೆ.

ಒಂದು ಕಡೆ ಜಾರೋದು ಸುಲಭ. ಕೆಪಿ 60 ದಾಟಿದ್ರೆ `s^1` ಸಾಲು ಧನವಾಗೇ ಕಾಣುತ್ತೆ, ಯಾಕಂದ್ರೆ ಛೇದವೇ ಋಣ. ಅದೊಂದೇ ನೋಡಿ ಸರಿ ಅನ್ನಬೇಡಿ, ಮೇಲಿನ `s^2` ಸಾಲು ಆಗಲೇ ಋಣವಾಗಿರುತ್ತೆ.

ಗಡಿಯನ್ನ ಇನ್ನೊಂದು ದಾರಿಯಲ್ಲೂ ಪರೀಕ್ಷಿಸಬಹುದು. `s = jw` ಹಾಕಿ ಎರಡು ಭಾಗ ಬೇರೆ ಮಾಡಿದ್ರೆ `w^2 = (6+Kp)/6`, `Ki = 11w^2 - w^4`. ಕೆಪಿ 24ಕ್ಕೆ `w^2` 5, ಕೆಐ 55-25, ಅಂದ್ರೆ ಅದೇ 30. ಗಡಿ ಮೇಲೆ ಜೋಕಾಲಿಯ ಒಂದು ಸುತ್ತಿಗೆ ಸುಮಾರು 2.8 ಸೆಕೆಂಡ್ ಅಂತಲೂ ಇದೇ ಹೇಳುತ್ತೆ. ಲೂಪ್‌ನಲ್ಲಿ ಡಿಲೇ ಇದ್ರೆ ಸಮೀಕರಣ ಬಹುಪದಿಯಾಗಿ ಉಳಿಯಲ್ಲ, ಆಗ ಕೋಷ್ಟಕ ಕೈಕೊಡುತ್ತೆ, ಈ ದಾರಿ ಮಾತ್ರ ನಡೆಯುತ್ತೆ.

ಆದ್ರೆ ಗುಮ್ಮಟದ ಒಳಗಿದ್ರೆ ಸಾಕು ಅಂತಲ್ಲ. ಗೋಡೆ ಪಕ್ಕದಲ್ಲೇ ಇದ್ರೆ ಅಲುಗಾಟ ಇಳಿಯೋಕೆ ಬಹಳ ಹೊತ್ತು ಬೇಕು. ಅದಕ್ಕೆ `s` ಜಾಗದಲ್ಲಿ `s-0.3` ಹಾಕಿ ಇದೇ ಕೋಷ್ಟಕವನ್ನ ಇನ್ನೊಮ್ಮೆ ಬರೀರಿ. ಬರೋ ಚಿಕ್ಕ ಪ್ರದೇಶದಲ್ಲಿ ಎಲ್ಲ ಬೇರುಗಳೂ -0.3ರ ಎಡಕ್ಕಿರುತ್ತವೆ. ನಾನೀಗ ಗೇನ್ ಹುಡುಕೋದು ಅದರೊಳಗೇ.