ಗುಟ್ಟಿನ ಮೂರು ತಿಂಗಳು

ಸೋದರಿಯರೆ, ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಆಡಬಾರದೆಂಬ ರೂಢಿ ನಮ್ಮ ಮನೆಗಳಲ್ಲಿ ಉಂಟಷ್ಟೆ. ಬನಶಂಕರಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನೇ ಕುರಿತು ಹೇಳಿದರು: “ನೆರೆಯವರಿಗೆ ಹೇಳದಿದ್ದರೂ ಸರಿಯಮ್ಮಾ, ಡಾಕ್ಟರಿಗೆ ಹೇಳಿ.” ಏಕೆಂಬುದನ್ನು ಅವರು ಲೆಕ್ಕ ಹಾಕಿಯೇ ತೋರಿಸಿದರು.

ಜೂನ್ 1ರಂದು ಮುಟ್ಟಾದವಳು 15ರ ಸುಮಾರಿಗೆ ಗರ್ಭ ಧರಿಸಿದಳೆನ್ನೋಣ. 29ಕ್ಕೆ ಮುಟ್ಟು ತಪ್ಪುತ್ತದೆ. ಮುಂದೆ ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನಾಳವು ಜುಲೈ 13ರ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಅದು ಮುಚ್ಚದೆ ಉಳಿದರೆ ಮಗು ಬೆನ್ನು ತೆರೆದುಕೊಂಡೇ ಹುಟ್ಟಬಹುದು. ಆಮೇಲೆ ನುಂಗಿದ ಮಾತ್ರೆ ಅದನ್ನು ಮುಚ್ಚಿಸಲಾರದು.

ಆದಕಾರಣ ಮಗು ಬೇಕೆಂದು ಬಯಸಿದಾಗಲೇ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ದಿನಕ್ಕೊಂದರಂತೆ ಆರಂಭಿಸಿ, ಬಸಿರಿನ 12 ವಾರಗಳವರೆಗೂ ನುಂಗಬೇಕು. ಅದು ಇಂಥ ದೋಷಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಮೂರ್ಛೆರೋಗಕ್ಕೆ ಔಷಧಿ ತೆಗೆದುಕೊಳ್ಳುವವರಿಗೂ, ಹಿಂದೆ ಇಂಥ ಮಗು ಹುಟ್ಟಿದವರಿಗೂ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಗೊತ್ತುಮಾಡಬೇಕು.

ಮುಟ್ಟು ತಪ್ಪಿದೊಡನೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಾಯಿ ಕಾರ್ಡು ಮಾಡಿಸಿಕೊಳ್ಳಿ. ಅಂದು ಬರೆದ ರಕ್ತದೊತ್ತಡದ ಅಂಕಿಯೇ ಮುಂದಿನದಕ್ಕೆಲ್ಲ ಅಳತೆಗೋಲು. ಅದಿಲ್ಲದಿದ್ದರೆ, 20 ವಾರಗಳ ಅನಂತರ ಕಂಡ ಏರೊತ್ತಡ ಹಳೆಯದೋ ಬಸಿರಿನಿಂದ ಬಂದುದೋ ಹೇಳುವುದು ವೈದ್ಯರಿಗೂ ಕಷ್ಟ.