ಸಾಬೂದಾಣಿಗೆ ಶೇಂಗಾ ಯಾಕೆ ಬೇಕು?

30 ಕಿಲೋ ತೂಗುವ ಹುಡುಗಿಯೊಬ್ಬಳ ಮೈಯಲ್ಲಿ ಸುಮಾರು ಎರಡೂಕಾಲು ಲೀಟರ್ ರಕ್ತ ಇರುತ್ತದೆ. ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಎಷ್ಟು ಗೊತ್ತೇ? ಹೆಚ್ಚುಕಡಿಮೆ 2 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಅರ್ಧ. ಈ ಸಕ್ಕರೆಯ ಹೆಸರು ಗ್ಲೂಕೋಸ್. ಮಿದುಳು ಯೋಚನೆ ಮಾಡುವುದೂ, ಕಾಲು ಓಡುವುದೂ ಇದರ ಬಲದಿಂದ. ಇದು ತೀರಾ ಏರಬಾರದು, ತೀರಾ ಇಳಿಯಲೂಬಾರದು. ಹಾಗಾಗಿ ಮೈ ಇದನ್ನು ಹಗಲೂ ರಾತ್ರಿ ಕಾಯುತ್ತಲೇ ಇರುತ್ತದೆ.

ಆ ಹುಡುಗಿ ತಿಕೋಟಾದವಳು, ಏಳನೇ ಕ್ಲಾಸು ಎಂದುಕೊಳ್ಳೋಣ. ಇವತ್ತು ಶಿವರಾತ್ರಿ. ಮನೆಯವರೆಲ್ಲ ವಿಜಯಪುರಕ್ಕೆ ಹೋಗಿ ಶಿವಗಿರಿಯ ದೊಡ್ಡ ಶಿವನನ್ನು ನೋಡಿ ಬರುವವರು. ಬೆಳಿಗ್ಗೆ ಎಂಟಕ್ಕೆ ಅವಳು ಒಂದು ಬಟ್ಟಲು ಸಾಬೂದಾಣಿ ಪಾಯಸ ಕುಡಿದಳು. ಹಾಲು ಕಡಿಮೆಯಿತ್ತು, ನೀರು ಹೆಚ್ಚು, ಸಕ್ಕರೆ ಧಾರಾಳ. ಹತ್ತೂವರೆಗೆ ಬಿಸಿಲಲ್ಲಿ ಸಾಲಿನಲ್ಲಿ ನಿಂತಾಗ ಕಣ್ಣು ಮಂಜಾದಂತೆ, ಕೈಕಾಲು ಸೋತಂತೆ. "ಆಯಿ, ಈಗಷ್ಟ ತಿಂದು ಬಂದೀನಿ, ಮತ್ತ ಯಾಕ ಹಸಿವಿ ಆಗಾಕತ್ತೈತಿ?" ಎಂದು ಕೇಳಿದಳು. ಆಯಿ, "ಉಪವಾಸ ಅಂದ್ರ ಹಂಗ ಇರತೈತಿ" ಎಂದು ಬಿಟ್ಟಳು. ನನ್ನ ಪ್ರಕಾರ ತಪ್ಪು ಉಪವಾಸದ್ದಲ್ಲ, ಪಾಯಸದ್ದು.

ಸಾಬೂದಾಣಿ ಗಿಡದಲ್ಲಿ ಬಿಡುವ ಕಾಳಲ್ಲ. ತಮಿಳುನಾಡಿನ ಸೇಲಂ ಕಡೆ ಮರಗೆಣಸನ್ನು ಅರೆದು, ಅದರ ಹಾಲನ್ನು ತಳಕ್ಕೆ ಇಳಿಯಲು ಬಿಟ್ಟು, ಕೂತ ಬಿಳಿ ಹಿಟ್ಟನ್ನು ಗುಂಡಗೆ ಉರುಳಿಸಿ, ಬಿಸಿ ಮಾಡಿ ಒಣಗಿಸುತ್ತಾರೆ. ಹೀಗೆ ಮಾಡುವಾಗ ನಾರು ಹೋಯಿತು, ಪ್ರೋಟೀನ್ ಹೋಯಿತು, ಉಳಿದದ್ದು ಪಿಷ್ಟ. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್‌ಗಳು ಒಂದಕ್ಕೊಂದು ಕೈಹಿಡಿದು ನಿಂತ ಉದ್ದನೆಯ ಸರಪಳಿ. ಬೇಕಿದ್ದರೆ ನೋಡಿ: ಏನೂ ಹಾಕದೆ ಬೇಯಿಸಿದ ನಾಲ್ಕು ಸಾಬೂದಾಣಿಯನ್ನು ಬಾಯಲ್ಲಿಟ್ಟು, ನುಂಗದೆ ಒಂದೆರಡು ನಿಮಿಷ ಜಗಿಯಿರಿ. ಸಪ್ಪಗಿದ್ದದ್ದು ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸರಪಳಿಯನ್ನು ತುಂಡರಿಸಲು ಆಗಲೇ ಶುರು ಮಾಡಿರುತ್ತದೆ.

ಈಗ ಲೆಕ್ಕ. ಒಂದು ಬಟ್ಟಲಿಗೆ 50 ಗ್ರಾಂ ಒಣ ಸಾಬೂದಾಣಿ ಹಿಡಿಯಿತು ಎನ್ನಿ. ಅದರಲ್ಲಿ ಸುಮಾರು 43 ಗ್ರಾಂ ಪಿಷ್ಟ. ಅದು ಮೆತ್ತಗೆ ಬೆಂದಿದೆ, ತಡೆಯಲು ನಾರಿಲ್ಲ, ಆದ್ದರಿಂದ ಬೇಗ ಗ್ಲೂಕೋಸ್ ಆಗುತ್ತದೆ. ರಕ್ತದಲ್ಲಿ ಇರುವುದು 2 ಗ್ರಾಂ, ಒಳಗೆ ಬರುತ್ತಿರುವುದು 43 ಗ್ರಾಂ, ಮೇಲೆ ಪಾಯಸದ ಸಕ್ಕರೆ ಬೇರೆ! ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಆ ಗ್ಲೂಕೋಸನ್ನು ಸ್ನಾಯುಗಳಿಗೂ ಯಕೃತ್ತಿಗೂ ಸಾಗಿಸಿ ಕೂಡಿಡಿಸುತ್ತದೆ. ಸಕ್ಕರೆ ಸರ್ರನೆ ಏರಿದರೆ ಇನ್ಸುಲಿನ್ನೂ ಜೋರಾಗಿ ಬರುತ್ತದೆ. ಎರಡು ಮೂರು ತಾಸಿನಲ್ಲಿ ಸಕ್ಕರೆ ಇಳಿಯುತ್ತದೆ, ಕೆಲವರಲ್ಲಿ ತಿನ್ನುವುದಕ್ಕೆ ಮುಂಚೆ ಇದ್ದದ್ದಕ್ಕಿಂತಲೂ ತುಸು ಕೆಳಗೆ. ಆಗ ಹಸಿವು, ಜೋಂಪು, ಸುಮ್ಮಸುಮ್ಮನೆ ಸಿಟ್ಟು. ಆರೋಗ್ಯವಂತರಿಗೆ ಇದರಿಂದ ಅಪಾಯವಾಗುವುದು ಅಪರೂಪ, ಯಕೃತ್ತು ಕೂಡಿಟ್ಟದ್ದನ್ನು ಮತ್ತೆ ಬಿಡುತ್ತದೆ. ಆದರೆ ಮಕ್ಕಳ ಯಕೃತ್ತು ಚಿಕ್ಕದು, ಅದರ ದಾಸ್ತಾನೂ ಚಿಕ್ಕದು. ಮಿದುಳಿನ ಬೇಡಿಕೆಯಂತೂ ದೊಡ್ಡದು. ಅದಕ್ಕೇ ದೊಡ್ಡವರು ತಡೆದುಕೊಂಡಷ್ಟು ಹೊತ್ತು ನೀವು ತಡೆದುಕೊಳ್ಳಲಾರಿರಿ.

ಇದೇ 50 ಗ್ರಾಂ ಸಾಬೂದಾಣಿಗೆ ಹುರಿದು ಕುಟ್ಟಿದ ಶೇಂಗಾ 25 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಹಾಕಿ ಖಿಚಡಿ ಮಾಡಿದರೆ ಕತೆಯೇ ಬೇರೆ. ಆ ಶೇಂಗಾದಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 12 ಗ್ರಾಂ ಎಣ್ಣೆ ಇದೆ. ಜಠರದ ಕೆಳತುದಿಯಲ್ಲಿ ಒಂದು ಬಾಗಿಲಿದೆ. ಎಣ್ಣೆ, ಪ್ರೋಟೀನ್ ಸಣ್ಣ ಕರುಳಿಗೆ ಬಂದು ತಲುಪಿದೊಡನೆ "ನಿಧಾನ" ಎಂಬ ಸುದ್ದಿ ಮೇಲಕ್ಕೆ ಹೋಗುತ್ತದೆ, ಬಾಗಿಲು ಆಗ ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ಬಬಲೇಶ್ವರದ ಕಡೆ ಕಾಲುವೆಯ ಗೇಟು ಪೂರ್ತಿ ಎತ್ತಿದರೆ ನೀರು ಬದು ಒಡೆದು ಹರಿದು ಹೋಗುತ್ತದೆ, ಎರಡು ಬೆರಳಷ್ಟು ಎತ್ತಿದರೆ ರಾತ್ರಿಯಿಡೀ ಹೊಲ ಕುಡಿಯುತ್ತದಲ್ಲ, ಹಾಗೆ. ಪಿಷ್ಟ ಅಷ್ಟೇ ಇದೆ, ಒಳಗೆ ಬರುವ ವೇಗ ಮಾತ್ರ ಬದಲಾಯಿತು. ಜೊತೆಗೆ ಒಂದು ಲೋಟ ಹಾಲು ಕುಡಿದರೆ ಇನ್ನೊಂದು 6 ಗ್ರಾಂ ಪ್ರೋಟೀನ್ ಸೇರಿತು.

ಖಿಚಡಿ ಕೆಡುವುದು ಬಹಳ ಸಲ ನೆನೆಸುವಾಗಲೇ. ಮೇಲಿನ ಹಿಟ್ಟು ಹೋಗುವಂತೆ ಸಾಬೂದಾಣಿಯನ್ನು ಎರಡು ಸಲ ತೊಳೆಯಬೇಕು. ಆಮೇಲೆ ಕಾಳು ಮುಳುಗುವಷ್ಟೇ ನೀರು ಹಾಕಿ ಮೂರ್ನಾಲ್ಕು ತಾಸು ಬಿಡಬೇಕು. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಚುಕಿ ನೋಡಿ: ನಡುವೆ ಗಟ್ಟಿ ಚುಕ್ಕೆ ಉಳಿದಿರಬಾರದು. ನೀರು ಹೆಚ್ಚಾದರೆ ಬಾಣಲೆಯಲ್ಲಿ ಅಂಟಾಗಿ ಮುದ್ದೆ ಕಟ್ಟುತ್ತದೆ. ಒಲೆಗೆ ಇಡುವ ಮುಂಚೆಯೇ ಶೇಂಗಾ ಪುಡಿ ಕಲಸಿದರೆ ಪುಡಿ ಪ್ರತಿ ಕಾಳಿನ ಮೈಗೂ ಮೆತ್ತಿ, ಕಾಳು ಬಿಡಿಬಿಡಿಯಾಗಿ ಬೇಯುತ್ತದೆ. ರುಚಿಗೆಂದು ಹಾಕಿದ ಪುಡಿ ಅಡುಗೆಯಲ್ಲೂ ಕೆಲಸ ಮಾಡಿತು, ಹೊಟ್ಟೆಯಲ್ಲೂ.

ಇನ್ನು ಮಣೂಕ. ಶಿವರಾತ್ರಿ ಬರುವುದು ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ನಡೆಯುವ ಹೊತ್ತಿಗೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿ ನೆರಳಿನ ಶೆಡ್ಡಿನಲ್ಲಿ ಒಣಗಿ 1 ಕಿಲೋ ಮಣೂಕ ಆಗುತ್ತದೆ. ಹೋದದ್ದು ನೀರು ಮಾತ್ರ, ಸಕ್ಕರೆ ಎಲ್ಲಿಗೂ ಹೋಗಲಿಲ್ಲ. ಒಂದು ಮುಷ್ಟಿ, ಅಂದರೆ 30 ಗ್ರಾಂ ಮಣೂಕದಲ್ಲಿ ಸುಮಾರು 20 ಗ್ರಾಂ ಸಕ್ಕರೆ. ಅಷ್ಟೇ ಸಕ್ಕರೆಗೆ ಹಸಿ ದ್ರಾಕ್ಷಿಯನ್ನು 120 ಗ್ರಾಂ ತಿನ್ನಬೇಕಾಗುತ್ತಿತ್ತು, ಅಷ್ಟರಲ್ಲಿ ಹೊಟ್ಟೆಯೂ ತುಂಬುತ್ತಿತ್ತು. ಆದ್ದರಿಂದ ಮಣೂಕದ ಡಬ್ಬಿಗೆ ಮತ್ತೆ ಮತ್ತೆ ಕೈ ಹಾಕುವುದು ಬೇಡ. ಅರ್ಧ ಮುಷ್ಟಿ ಮಣೂಕಕ್ಕೆ ಅರ್ಧ ಮುಷ್ಟಿ ಹುರಿದ ಶೇಂಗಾ ಅಥವಾ ನಾಲ್ಕೈದು ಬದಾಮಿ ಕೂಡಿಸಿ ನಿಧಾನ ಜಗಿಯಿರಿ. ಪೇರಲ ಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ನಾರು ಹೆಚ್ಚು. ಹಣ್ಣಿನ ರಸ ಮಾಡಿ ಸೋಸಿದರೆ ಆ ನಾರನ್ನೇ ಚೆಲ್ಲಿದಂತೆ.

ನಮ್ಮ ಹುಡುಗಿಯ ದಿನವನ್ನು ಮತ್ತೆ ಕಟ್ಟೋಣ. ಏಳಕ್ಕೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ನೆನೆಸಿದ ನಾಲ್ಕು ಬದಾಮಿ. ಹನ್ನೊಂದಕ್ಕೆ ಶೇಂಗಾ ಹಾಕಿದ ಖಿಚಡಿ, ಬಟ್ಟಲು ಅರ್ಧದಷ್ಟೇ. ಎರಡೂವರೆಗೆ ಉಪವಾಸದ ಸೈಂಧವ ಉಪ್ಪು ಹಾಕಿದ ಮಜ್ಜಿಗೆ, ಪೇರಲ. ಐದೂವರೆಗೆ ಉಳಿದರ್ಧ ಖಿಚಡಿ. ರಾತ್ರಿ ಹಾಲು, ಸ್ವಲ್ಪ ಮಣೂಕ, ಶೇಂಗಾ. ಒಟ್ಟು ತಿಂದದ್ದೇನೂ ವಿಪರೀತವಲ್ಲ, ಮೂರು ನಾಲ್ಕು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಹಂಚಿದೆ. ನಡುನಡುವೆ ನೀರು. ಉಪವಾಸದ ದಿನ ಬರುವ ತಲೆನೋವಿಗೆ ನೀರು ಕುಡಿಯದಿದ್ದುದೂ ಒಂದು ಕಾರಣ.

ಇಷ್ಟಾದ ಮೇಲೂ ಕೈ ನಡುಗಿದರೆ, ತಣ್ಣನೆ ಬೆವರಿದರೆ, ಕಣ್ಣು ಕತ್ತಲೆ ಬಂದರೆ ಸಾಲಿನಲ್ಲಿ ನಿಲ್ಲಬೇಡಿ. ಕೂತು, ದೊಡ್ಡವರಿಗೆ ಹೇಳಿ, ಒಂದು ಹಿಡಿ ಮಣೂಕ ತಿಂದು ನೀರು ಕುಡಿಯಿರಿ. ಬೇಗ ಏರುವ ಸಕ್ಕರೆ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲೇ. ಶೇಂಗಾ ತಿಂದರೆ ಮೈ ತುರಿಸುವವರು, ಬಾಯಿ ಊದುವವರು ಅದರ ತಂಟೆಗೆ ಹೋಗಬೇಡಿ. ಐದು ವರ್ಷದೊಳಗಿನ ತಮ್ಮ ತಂಗಿಯರಿಗೆ ಇಡೀ ಶೇಂಗಾ, ಬದಾಮಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿಯೇ ಕೊಡಿ. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಕ್ಕಳು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು.